ಒಂದೇ ಅಂಕಿ ತಿದ್ದಿದ ಸಿಸಿಟಿವಿ ಚಿತ್ರ: ನೆರಳು ಏನು ಹೇಳುತ್ತದೆ, ಬ್ಲಾಕ್ ಏನು ಹೇಳುತ್ತದೆ

ಸಿಸಿಟಿವಿ ಚಿತ್ರದ ಮೂಲೆಯಲ್ಲಿ ಬಿಳಿ ಅಂಕಿಗಳಲ್ಲಿ ದಿನಾಂಕ, ಸಮಯ ಇರುತ್ತವಲ್ಲ, ಅದನ್ನು ನಾವು ಗೋಡೆ ಗಡಿಯಾರ ನೋಡಿದ ಹಾಗೆ ನಂಬಿಬಿಡುತ್ತೇವೆ. ಆದರೆ ಅದು ಚಿತ್ರದ ಮೇಲೆ ಬಿಡಿಸಿದ ಅಕ್ಷರ ಅಷ್ಟೇ. ಬಿಡಿಸಿದ್ದು ಕ್ಯಾಮರಾ ಆಗಿರಬಹುದು, ಅದರ ವಿಡಿಯೋ ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆ ಆಗಿರಬಹುದು, ಆಮೇಲೆ ಯಾರೋ ಕೂತು ತಿದ್ದಿರಲೂಬಹುದು.

ಇದನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ಒಂದು ನಿಜವಾದ ಚಿತ್ರ ಇಟ್ಟುಕೊಂಡೇ ಹೇಳುತ್ತೇನೆ. ನನ್ನ ಗೆಳೆಯನೊಬ್ಬ ತನ್ನ ಅಂಗಳದ ಕ್ಯಾಮರಾದಿಂದ ಒಂದು ಸ್ಟಿಲ್ ತೆಗೆದು, ತಿದ್ದಿ, ನನಗೆ ಕಳಿಸಿದ. "ಏನು ತಿದ್ದಿದ್ದೇನೆ ಅಂತ ನೀನೇ ಕಂಡುಹಿಡಿ" ಅಂದ. ಜೊತೆಗೆ ಅದೇ ಡಿವಿಆರ್‌ನಿಂದ ತೆಗೆದ, ಕೈ ಹಾಕದ ಇನ್ನೆರಡು ಸ್ಟಿಲ್‌ಗಳನ್ನೂ ಕೊಟ್ಟ. ಈ ಎರಡು ಇಲ್ಲದಿದ್ದರೆ ನನ್ನ ಅರ್ಧ ಕೆಲಸ ಆಗುತ್ತಲೇ ಇರಲಿಲ್ಲ. ಚಿತ್ರದ ಮೇಲೆ ಹೀಗೆ ಬರೆದಿತ್ತು:

```
2024-11-12 Tue 16:40:23
```

ಶುರು ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಇಲ್ಲಿ ಪ್ರಶ್ನೆ ಒಂದಲ್ಲ, ಎರಡು. ಬರೆದಿರುವ ಸಮಯ ಸರಿಯೇ ಎನ್ನುವುದು ಒಂದು. ಆ ಬರಹವನ್ನು ಆಮೇಲೆ ಯಾರಾದರೂ ತಿದ್ದಿದ್ದಾರೆಯೇ ಎನ್ನುವುದು ಇನ್ನೊಂದು. ಡಿವಿಆರ್ ಗಡಿಯಾರವೇ ತಪ್ಪಿದ್ದರೆ ಯಾರೂ ತಿದ್ದದಿದ್ದರೂ ಸಮಯ ತಪ್ಪಿರುತ್ತದೆ. ನೆರಳು ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಜೆಪೆಗ್ ಫೈಲು ಚಿತ್ರವನ್ನು ಕಂಪ್ರೆಸ್ ಮಾಡಲು ಒಡೆಯುವ ಸಣ್ಣ ಚೌಕಗಳು, ಅಂದರೆ ಬ್ಲಾಕ್‌ಗಳು, ಎರಡನೆಯದಕ್ಕೆ. ಇವೆರಡನ್ನೂ ಕಲಸಿಬಿಟ್ಟು "ನೆರಳು ಹೊಂದುತ್ತಿಲ್ಲ, ಅಂದ್ರೆ ಫೋಟೋ ಫೇಕ್" ಅಂತ ಹೇಳಿಬಿಡುವವರೇ ಜಾಸ್ತಿ.

ಮೊದಲು ಫೈಲು

ಬಂದ ಫೈಲನ್ನು ಹಾಗೇ ಒಂದು ಕಡೆ ಇಟ್ಟು, ಅದರ ಹ್ಯಾಶ್, ಅಂದರೆ ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಬರೆದುಕೊಂಡು, ಪ್ರತಿಯ ಮೇಲೆ ಕೆಲಸ ಮಾಡಿ. ಅದಕ್ಕೆ ಟರ್ಮಿನಲ್‌ನಲ್ಲಿ ಈ ಎರಡು ಸಾಲು ಓಡಿಸಿ, `magick`ಗೆ ImageMagick ಹಾಕಿಕೊಂಡಿರಬೇಕು:

```
sha256sum still.jpg
magick identify -format "%w x %h  Q=%Q\n" still.jpg
```

ಎರಡನೆಯ ಸಾಲು ಚಿತ್ರದ ಅಳತೆಯನ್ನೂ ಜೆಪೆಗ್ ಗುಣಮಟ್ಟದ ಅಂದಾಜನ್ನೂ ಕೊಡುತ್ತದೆ. ನನ್ನ ಕೈಲಿದ್ದ ಚಿತ್ರ 1920 x 1080, ಗುಣಮಟ್ಟ 92. ಕೈ ಹಾಕದ ಎರಡು ಸ್ಟಿಲ್‌ಗಳೂ ಅದೇ ಅಳತೆಯವು, ಆದರೆ ಅವುಗಳ ಗುಣಮಟ್ಟ 80. ಅಂದರೆ ಈ ಚಿತ್ರ ಡಿವಿಆರ್‌ನಿಂದ ಹೊರಬಂದ ಮೇಲೆ ಯಾವುದೋ ಬೇರೆ ಸಾಫ್ಟ್‌ವೇರ್‌ನಲ್ಲಿ ಇನ್ನೊಮ್ಮೆ ಸೇವ್ ಆಗಿದೆ. ಇದರಿಂದ ಗೊತ್ತಾಗುವುದು ಅಷ್ಟೇ. ಯಾರೋ ಸುಮ್ನೆ ತಿರುಗಿಸಿ ಸೇವ್ ಮಾಡಿದ್ದರೂ, ಬೆಳಕು ಜಾಸ್ತಿ ಮಾಡಿದ್ದರೂ ಹೀಗೇ ಆಗುತ್ತದೆ.

ಚಿತ್ರ ಮೆಸೇಜ್ ಆ್ಯಪ್‌ನಲ್ಲಿ ಹಾದು ಬಂದಿದ್ದರೆ ಬ್ಲಾಕ್ ಪರೀಕ್ಷೆಯ ಆಸೆಯನ್ನು ಹೆಚ್ಚುಕಡಿಮೆ ಬಿಟ್ಟುಬಿಡಿ. ಅವು ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸಿ ಮತ್ತೆ ಒತ್ತಿಬಿಡುತ್ತವೆ, ಅಂದರೆ ಕಂಪ್ರೆಸ್ ಮಾಡುತ್ತವೆ, ಹಳೆಯ ಗುರುತು ಉಳಿಯುವುದಿಲ್ಲ. ನೆರಳಿನ ಪರೀಕ್ಷೆಗೆ ಮಾತ್ರ ಅದರಿಂದ ಅಷ್ಟು ತೊಂದರೆ ಇಲ್ಲ.

ಸ್ಟ್ಯಾಂಪ್, ಅಂದರೆ ಆ ದಿನಾಂಕ ಸಮಯದ ಬರಹದ ಒಳಗೇ ಹೊಂದಾಣಿಕೆ ಇದೆಯೇ ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಬಹಳಷ್ಟು ಡಿವಿಆರ್‌ಗಳು ವಾರದ ಹೆಸರನ್ನೂ ಬರೆಯುತ್ತವೆ. ದಿನಾಂಕ ತಿದ್ದುವವರು ಎಷ್ಟೋ ಸಲ ವಾರವನ್ನು ಮರೆತುಬಿಡುತ್ತಾರೆ. 2024ರ ನವೆಂಬರ್ 12 ಮಂಗಳವಾರವೇ. ಸರಿಯಾಗಿತ್ತು. ಅಲ್ಲಿಗೆ ಆ ವಿಷಯ ಬಿಟ್ಟು ಮುಂದಕ್ಕೆ ಹೋದೆ.

ಬೆಳಕು: ಒರಟು ಜರಡಿ

ಮೊದಲ ನೋಟಕ್ಕೆ ಕೇಳಿಕೊಳ್ಳಬೇಕಾದ್ದು, ಇದು ಹಗಲೋ ರಾತ್ರಿಯೋ? ಹೆಚ್ಚಿನ ಕ್ಯಾಮರಾಗಳಲ್ಲಿ ಕತ್ತಲಾದಾಗ ಸೆನ್ಸರ್ ಮುಂದಿನ ಇನ್‌ಫ್ರಾರೆಡ್ ಫಿಲ್ಟರ್ ಪಕ್ಕಕ್ಕೆ ಸರಿಯುತ್ತದೆ, ಚಿತ್ರ ಕಪ್ಪು ಬಿಳುಪಾಗುತ್ತದೆ. ಆಗ ಗಿಡದ ಎಲೆಗಳು ಬೆಳ್ಳಗೆ ಕಾಣುತ್ತವೆ, ಯಾಕೆಂದರೆ ಎಲೆ ಇನ್‌ಫ್ರಾರೆಡ್ ಬೆಳಕನ್ನು ಚೆನ್ನಾಗಿ ಹಿಂದಕ್ಕೆ ಎಸೆಯುತ್ತದೆ. ನಡುರಾತ್ರಿ ಅಂತ ಬರೆದ ಚಿತ್ರದಲ್ಲಿ ಎಲೆ ಹಸಿರಾಗಿ, ಆಕಾಶ ಬೆಳ್ಳಗೆ ಇದ್ದರೆ ಸಮಯ ತಪ್ಪು ಅಂತ ಅಲ್ಲೇ ಗೊತ್ತಾಯಿತು. ಬಣ್ಣ ಇದೆ ಅನ್ನುವುದೊಂದನ್ನೇ ಹಿಡಿದುಕೊಂಡು ತೀರ್ಪು ಕೊಡಬೇಡಿ. ರಾತ್ರಿ ಬಿಳಿ ಎಲ್‌ಇಡಿ ಹಚ್ಚಿಕೊಂಡು ಬಣ್ಣದಲ್ಲೇ ತೆಗೆಯುವ ಕ್ಯಾಮರಾಗಳೂ ಇವೆ.

ಸಂಜೆಯ ಹೊತ್ತಿಗೆ ಬೆಳಕನ್ನು ನಂಬಿದರೆ ಮೋಸ ಹೋಗುತ್ತೀರಿ. ಹೊರಗೆ ಬೆಳಕು ಇಳಿದಷ್ಟೂ ಕ್ಯಾಮರಾ ಶಟರ್ ನಿಧಾನ ಮಾಡಿ, ಗೇಯ್ನ್, ಅಂದರೆ ಸೆನ್ಸರಿನ ಸಂಕೇತದ ಬಲ, ಏರಿಸಿ ಚಿತ್ರವನ್ನು ಅದೇ ಹೊಳಪಿಗೆ ತಂದು ನಿಲ್ಲಿಸುತ್ತದೆ. ಸಂಜೆಯ ಕೆಂಪನ್ನು ವೈಟ್ ಬ್ಯಾಲೆನ್ಸ್ ತಿಂದುಹಾಕುತ್ತದೆ. ಹಾಗಾಗಿ "ಸಂಜೆಯ ಹಾಗೆ ಕಾಣುತ್ತಿಲ್ಲ" ಅನ್ನುವುದು ಪುರಾವೆಯಲ್ಲ. ಹೊಳಪಿಗಿಂತ ನೆರಳಿನ ಅಂಚನ್ನು ನೋಡುವುದು ಮೇಲು. ಸೂರ್ಯ ಚುಕ್ಕಿಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಅವನು ಕೆಳಗಿಳಿದಷ್ಟೂ ನೆರಳು ಉದ್ದವಾಗುತ್ತದೆ, ಅದರ ತುದಿ ಮಸುಕಾಗುತ್ತದೆ. ಆ ಮಸುಕನ್ನು ಕ್ಯಾಮರಾ ಸರಿಪಡಿಸಲಾರದು.

ಗೆಳೆಯನ ಊರಲ್ಲಿ ಆ ದಿನ ಸೂರ್ಯ ಮುಳುಗುವುದು ಸುಮಾರು 17:20ಕ್ಕೆ. 16:40 ಅಂದರೆ ಮುಳುಗುವುದಕ್ಕೆ ನಲವತ್ತೇ ನಿಮಿಷ ಬಾಕಿ. ಆದರೆ ಚಿತ್ರದಲ್ಲಿ ಗೇಟಿನ ಕಂಬದ ನೆರಳು ಗಿಡ್ಡಗೆ, ಕತ್ತರಿಸಿಟ್ಟ ಹಾಗೆ ಚೊಕ್ಕವಾಗಿ ಬಿದ್ದಿತ್ತು. ಅನುಮಾನ ಶುರುವಾಗಿದ್ದು ಅಲ್ಲಿಂದ.

ನೆರಳು ಅಳೆಯುವುದು

ಬೇಕಾದ್ದು ಮೂರೇ ವಸ್ತು: ನೆಟ್ಟಗೆ ನಿಂತ, ಎತ್ತರ ಗೊತ್ತಿರುವ ಒಂದು ಕಂಬ. ಅದರ ಬುಡ ಮತ್ತು ನೆರಳಿನ ತುದಿ ಎರಡೂ ಕಾಣುವ ಸಮತಟ್ಟು ನೆಲ. ಆ ನೆಲದ ಮೇಲೆ ಅಳತೆ ಗೊತ್ತಿರುವ ಏನಾದರೊಂದು ಗುರುತು.

ಹೊಸಬರು ಎಡವುವುದು ಇಲ್ಲೇ. ಪರದೆಯ ಮೇಲೆ ಕಂಬಕ್ಕೆ ಇಷ್ಟು ಪಿಕ್ಸೆಲ್, ನೆರಳಿಗೆ ಇಷ್ಟು ಪಿಕ್ಸೆಲ್ ಅಂತ ಎಣಿಸಿ ಭಾಗಿಸಿಬಿಡುತ್ತಾರೆ. ಕ್ಯಾಮರಾ ಮೇಲಿನಿಂದ ಓರೆಯಾಗಿ ನೋಡುತ್ತಿರುತ್ತದೆ. ದೂರ ಹೋದ ಹಾಗೆ ನೆಲ ಕುಗ್ಗುತ್ತದೆ, ನಿಂತ ಕಂಬ ಬೇರೆ ರೀತಿ ಕುಗ್ಗುತ್ತದೆ. ಆ ಎರಡು ಪಿಕ್ಸೆಲ್ ಲೆಕ್ಕಕ್ಕೆ ಪರಸ್ಪರ ಸಂಬಂಧವೇ ಇಲ್ಲ.

ಟೈಲ್ಸ್ ಹಾಕಿದ ಅಂಗಳವಾದರೆ ಈ ತಲೆನೋವಿಲ್ಲ. ಟೈಲು ಚಿತ್ರದಲ್ಲಿ ಎಷ್ಟೇ ಸಣ್ಣಗೆ ಕಂಡರೂ ಅದು ಒಂದು ಟೈಲೇ. ಎಣಿಸಿದರೆ ಸಾಕು. ಗೆಳೆಯನ ಅಂಗಳದ್ದು 60 ಸೆಂಟಿಮೀಟರ್ ಚೌಕದ ಟೈಲು, ಸಾಲುಗಳು ಕಾಂಪೌಂಡ್ ಗೋಡೆಯ ಉದ್ದಕ್ಕೇ ಹೋಗುತ್ತವೆ. ಆ ಗೋಡೆ ಉತ್ತರ ದಕ್ಷಿಣವಾಗಿ ಇದೆ ಅಂತ ಉಪಗ್ರಹ ಚಿತ್ರದಲ್ಲಿ ನೋಡಿಕೊಂಡೆ. ಗೇಟಿನ ಕಂಬ 1.5 ಮೀಟರ್.

ನೆರಳು ಟೈಲುಗಳ ಮೇಲೆ ಅಡ್ಡಡ್ಡ ಬಿದ್ದಿತ್ತು. ಹಾಗಾಗಿ ಎರಡು ದಿಕ್ಕಲ್ಲಿ ಬೇರೆ ಬೇರೆ ಎಣಿಸಿದೆ. ಬುಡದಿಂದ ತುದಿಗೆ ಪೂರ್ವದ ಕಡೆ ಮೂರು ಟೈಲು, ಉತ್ತರದ ಕಡೆ ಎರಡಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು 2.4. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಲೆಕ್ಕ ಹಾಕಿದರೆ ನೆರಳಿನ ಉದ್ದ 3.84 ಟೈಲು, ಅಂದರೆ 2.3 ಮೀಟರ್. ಕಂಬದ ಒಂದೂವರೆ ಪಟ್ಟಿಗೆ ಚೂರು ಜಾಸ್ತಿ. ಇದರಿಂದ ಸೂರ್ಯನ ಎತ್ತರ ಬರುತ್ತದೆ:

```
tan h = 1.5 / 2.3     →   h ≈ 33°
```

ಈಗ ಆ ಹೊತ್ತಿಗೆ ಸೂರ್ಯ ಎಲ್ಲಿರಬೇಕಿತ್ತು ಅಂತ ನೋಡಬೇಕು. SunCalc ಅಥವಾ NOAA Solar Calculator ತೆರೆದು ಜಾಗ, ದಿನಾಂಕ, ಸಮಯ ಕೊಟ್ಟರೆ ಎತ್ತರ ಮತ್ತು ದಿಕ್ಕು ಎರಡೂ ಬರುತ್ತವೆ. ಒಮ್ಮೆ ಕೈಯಲ್ಲೂ ಮಾಡಿ ನೋಡಿ. ಟೈಮ್ ಝೋನ್ ತಪ್ಪು ಕೊಟ್ಟು ತಪ್ಪು ಉತ್ತರ ಪಡೆಯುವುದು ಬಹಳ ಸುಲಭ. ಸೂತ್ರ ಇಷ್ಟೇ:

```
sin h = sin φ · sin δ + cos φ · cos δ · cos H
```

φ ಅಂದರೆ ಅಕ್ಷಾಂಶ, ಇಲ್ಲಿ 20 ಡಿಗ್ರಿ ಉತ್ತರ. δ ಅಂದರೆ ಆ ದಿನ ಸೂರ್ಯ ಭೂಮಧ್ಯ ರೇಖೆಯಿಂದ ಎಷ್ಟು ಸರಿದಿದ್ದಾನೆ ಎನ್ನುವುದು. ನವೆಂಬರ್ 12ಕ್ಕೆ ಸುಮಾರು −17.8 ಡಿಗ್ರಿ. H ಅಂದರೆ ಸೂರ್ಯ ನೆತ್ತಿಯ ಗೆರೆ ದಾಟಿ ಎಷ್ಟು ಹೊತ್ತಾಯಿತು ಎನ್ನುವುದು, ಗಂಟೆಗೆ 15 ಡಿಗ್ರಿಯಂತೆ. ಆ ಗೆರೆ ದಾಟುವುದು ಗಡಿಯಾರದ ಹನ್ನೆರಡಕ್ಕಲ್ಲ ಅನ್ನುವುದನ್ನು ಮರೆಯಬೇಡಿ. ನವೆಂಬರ್ ಮೊದಲರ್ಧದಲ್ಲಿ ಸೂರ್ಯ ಗಡಿಯಾರಕ್ಕಿಂತ ಸುಮಾರು 16 ನಿಮಿಷ ಮುಂದಿರುತ್ತಾನೆ. ಫೆಬ್ರವರಿ ನಡುವಿನಲ್ಲಿ 14 ನಿಮಿಷ ಹಿಂದಿರುತ್ತಾನೆ. ಇದರ ಮೇಲೆ ಜಾಗವು ಟೈಮ್ ಝೋನಿನ ಮೂಲ ರೇಖಾಂಶದಿಂದ ದೂರ ಇದ್ದರೆ ಡಿಗ್ರಿಗೆ ನಾಲ್ಕು ನಿಮಿಷದ ವ್ಯತ್ಯಾಸ. ಗೆಳೆಯನ ಮನೆ ಆ ಮೂಲ ರೇಖೆಯ ಹತ್ತಿರವೇ ಇದ್ದದ್ದರಿಂದ ನನಗೆ ಆ ತಿದ್ದುಪಡಿ ಬೇಕಾಗಲಿಲ್ಲ. ಅಲ್ಲಿ ಆ ದಿನ ಸೂರ್ಯ ನೆತ್ತಿಯ ಗೆರೆ ದಾಟಿದ್ದು 11:44ಕ್ಕೆ.

16:40ಕ್ಕೆ ಲೆಕ್ಕ ಹಾಕಿದರೆ ಸೂರ್ಯನ ಎತ್ತರ ಬರೀ 8 ಡಿಗ್ರಿ. ಒಂದೂವರೆ ಮೀಟರ್ ಕಂಬದ ನೆರಳು ಹತ್ತು ಮೀಟರ್ ದಾಟಬೇಕು. ಹದಿನೇಳು ಟೈಲು! ನಮ್ಮ ಚಿತ್ರದಲ್ಲಿ ಇದ್ದದ್ದು ನಾಲ್ಕೂ ತುಂಬದ ನೆರಳು. ಕಣ್ಣಳತೆಯ ತಪ್ಪು ಇಷ್ಟು ದೊಡ್ಡದಾಗಲು ಸಾಧ್ಯವಿಲ್ಲ.

ಉಲ್ಟಾ ಲೆಕ್ಕವೂ ಹಾಕಬಹುದು. 33 ಡಿಗ್ರಿ ಎತ್ತರ ಯಾವ ಹೊತ್ತಿಗೆ ಬರುತ್ತದೆ? ಎರಡು ಉತ್ತರ ಸಿಗುತ್ತವೆ: ಬೆಳಿಗ್ಗೆ 8:50, ಮಧ್ಯಾಹ್ನ 14:38. ಎತ್ತರವೊಂದರಿಂದ ಇವೆರಡರಲ್ಲಿ ಯಾವುದು ಅಂತ ಹೇಳಲಾಗುವುದಿಲ್ಲ, ದಿಕ್ಕು ಹೇಳುತ್ತದೆ. ಬೆಳಿಗ್ಗೆಯಾಗಿದ್ದರೆ ನೆರಳು ವಾಯವ್ಯಕ್ಕೆ ಬೀಳಬೇಕಿತ್ತು. ನಮ್ಮದು ಈಶಾನ್ಯಕ್ಕೆ ಬಿದ್ದಿತ್ತು, ಉತ್ತರದಿಂದ ಪೂರ್ವಕ್ಕೆ ಸುಮಾರು 51 ಡಿಗ್ರಿ. 14:40ರ ಲೆಕ್ಕ 52 ಡಿಗ್ರಿ ಕೊಡುತ್ತದೆ. 16:40ಕ್ಕಾದರೆ 68 ಆಗಬೇಕಿತ್ತು. ಉದ್ದ ಮತ್ತು ದಿಕ್ಕು ಬೇರೆ ಬೇರೆ ಅಳತೆಗಳು, ಎರಡೂ ಒಂದೇ ಹೊತ್ತನ್ನು ತೋರಿಸಿದಾಗ ಧೈರ್ಯ ಬರುತ್ತದೆ.

ಆದರೆ "14:38ಕ್ಕೆ ತೆಗೆದದ್ದು" ಅಂತ ಬರೆಯಬೇಡಿ. ನಾನು 2.4 ಟೈಲು ಅಂದಿದ್ದು ಅಂದಾಜು. ಉದ್ದದಲ್ಲಿ ಹತ್ತು ಪರ್ಸೆಂಟ್ ಆಚೀಚೆ ಆದರೆ ಸಮಯ ಕಾಲು ಗಂಟೆ ಆಚೀಚೆ ಆಗುತ್ತದೆ. ಹಾಗಾಗಿ 14:20 ಮತ್ತು 14:55ರ ನಡುವೆ ಅಂತ ಹೇಳುವುದು ಸರಿ. ಅಗಲ ನೋಟದ ಲೆನ್ಸ್ ಚಿತ್ರದ ಅಂಚುಗಳನ್ನು ಬಾಗಿಸುತ್ತದೆ, ಆದ್ದರಿಂದ ನಡುಭಾಗದ ಕಂಬವನ್ನೇ ಆರಿಸಿಕೊಳ್ಳಿ. ನೀರು ಹರಿಯಲಿ ಅಂತ ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ, ನೆರಳು ಏರಿನ ಕಡೆ ಬಿದ್ದರೆ ಗಿಡ್ಡವಾಗುತ್ತದೆ, ಇಳಿಜಾರಿನ ಕಡೆಗಾದರೆ ಉದ್ದ. ಎತ್ತರ 33 ಇದ್ದಾಗ ಇದು ಸಣ್ಣ ತಪ್ಪು. ಸೂರ್ಯ ಹತ್ತು ಡಿಗ್ರಿಗಿಂತ ಕೆಳಗಿದ್ದಾಗ ಇದೇ ದೊಡ್ಡ ತಪ್ಪಾಗುತ್ತದೆ.

ಇಲ್ಲಿಗೆ ನಿಂತು ಯೋಚಿಸಿ

ಬರೆದ ಸಮಯ ಸುಮಾರು ಎರಡು ಗಂಟೆ ತಪ್ಪು ಅಂತ ಆಯಿತು. ತಿದ್ದಿದ್ದಾರೆ ಅಂತ ಇನ್ನೂ ಆಗಿಲ್ಲ.

ಡಿವಿಆರ್ ಗಡಿಯಾರಗಳು ಹಾಳಾಗುವ ರೀತಿಗಳು ಹಲವು. ಇಂಟರ್ನೆಟ್‌ನಿಂದ ಸಮಯ ತೆಗೆದುಕೊಳ್ಳದ ಡಿವಿಆರ್ ದಿನಕ್ಕೆ ಒಂದೆರಡು ಸೆಕೆಂಡ್ ಜಾರುತ್ತದೆ. ವರ್ಷಕ್ಕೆ ಹತ್ತು ನಿಮಿಷ ಆಗಿಬಿಡುತ್ತದೆ. ಒಳಗಿನ ಬಟನ್ ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ದಿನಾಂಕ ಯಾವುದೋ ಹಳೆಯ ವರ್ಷದ ಜನವರಿ 1ಕ್ಕೆ ಜಿಗಿಯುತ್ತದೆ. ವ್ಯತ್ಯಾಸ ಸರಿಯಾಗಿ ಒಂದು ಗಂಟೆ, ಎರಡು ಗಂಟೆ ಇದ್ದರೆ ಟೈಮ್ ಝೋನ್ ತಪ್ಪಾಗಿ ಹಾಕಿರುವ ಸಾಧ್ಯತೆ ಇದೆ. ನಮ್ಮದು ನೋಡಿ, ಸರಿಯಾಗಿ ಎರಡು ಗಂಟೆಯ ಆಸುಪಾಸು!

ಇದಕ್ಕೆ ಮದ್ದು ಆ ಎರಡು ಕೈ ಹಾಕದ ಸ್ಟಿಲ್‌ಗಳು. ಅದೇ ವಾರದವು, ಅದೇ ಕಂಬ, ಅದೇ ಟೈಲು. ಅವುಗಳ ನೆರಳನ್ನೂ ಎಣಿಸಿದೆ. ಎರಡರಲ್ಲೂ ಸ್ಟ್ಯಾಂಪ್ ಮತ್ತು ಸೂರ್ಯ ಕಾಲು ಗಂಟೆಯೊಳಗೆ ಹೊಂದಿದವು. ಅಂದರೆ ಆ ವಾರ ಡಿವಿಆರ್ ಗಡಿಯಾರ ನೆಟ್ಟಗಿತ್ತು. ಡಿವಿಆರ್ ಕೈಗೆ ಸಿಗುವ ಹಾಗಿದ್ದರೆ ಅದರ ಪರದೆಯ ಗಡಿಯಾರವನ್ನೂ ಮೊಬೈಲಿನ ಗಡಿಯಾರವನ್ನೂ ಒಂದೇ ಫೋಟೋದಲ್ಲಿ ತೆಗೆದಿಡಿ.

ಅಂಕಿಗಳ ಸುತ್ತ

ಈಗ ಬರಹದ ಹತ್ತಿರಕ್ಕೆ ಹೋಗೋಣ. ಝೂಮ್ ಮಾಡುವಾಗ ಚಿತ್ರ ನುಣುಪಾಗಬಾರದು. ಸಾಮಾನ್ಯ ಫೋಟೋ ಆ್ಯಪ್‌ಗಳು ನುಣುಪು ಮಾಡಿಬಿಡುತ್ತವೆ, ಬ್ಲಾಕಿನ ಗೆರೆ ಅಳಿಸಿಹೋಗುತ್ತದೆ. ಹೀಗೆ ಮಾಡಿ:

```
magick still.jpg -crop 544x64+16+16 +repage -sample 800% osd.png
```

ಕತ್ತರಿಸುವ ಜಾಗ 16ರಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ಜೆಪೆಗ್ ಚಿತ್ರವನ್ನು ಎಡ ಮೇಲಿನ ಮೂಲೆಯಿಂದ 8 x 8 ಪಿಕ್ಸೆಲ್ ಚೌಕಗಳಾಗಿ ಒಡೆದು, ಒಂದೊಂದು ಚೌಕವನ್ನೂ ಬೇರೆ ಬೇರೆ ಒತ್ತುತ್ತದೆ. ಹಾಗಾಗಿ ಗೋಡೆಯಂಥ ನುಣುಪು ಜಾಗದಲ್ಲಿ 8, 16, 24 ಹೀಗೆ ಎಂಟರ ಮಗ್ಗಿಯಲ್ಲಿ ಮಾಸಿದ ಗೆರೆಗಳು ಕಾಣುತ್ತವೆ. ಎಂಟರ ಮಗ್ಗಿಯಲ್ಲೇ ಕತ್ತರಿಸಿದರೆ ಎಣಿಸುವಾಗ ಲೆಕ್ಕ ತಪ್ಪುವುದಿಲ್ಲ. ಗೆರೆ ತೀರಾ ಮಾಸಿದ್ದರೆ, ಚಿತ್ರದಿಂದ ಅದರದೇ ಮಸುಕು ಪ್ರತಿಯನ್ನು ಕಳೆದು ಉಳಿದದ್ದನ್ನು ಎಂಟು ಪಟ್ಟು ಹೆಚ್ಚಿಸಿ ನೋಡಬಹುದು:

```
magick still.jpg -colorspace Gray \( +clone -blur 0x2 \) \
  -compose difference -composite -evaluate multiply 8 noise.png
```

ಈ ಡಿವಿಆರ್‌ನಲ್ಲಿ ಪ್ರತಿ ಅಕ್ಷರಕ್ಕೂ 22 ಪಿಕ್ಸೆಲ್ ಅಗಲದ ಮನೆ. ಮೊದಲ ಅಕ್ಷರ 32ನೇ ಪಿಕ್ಸೆಲಿನಲ್ಲಿ ಶುರು. ಎಣಿಸಿಕೊಂಡು ಹೋದರೆ ಗಂಟೆಯ ಎರಡನೆಯ ಅಂಕಿ, ಅಂದರೆ ಆ `6`, 384ರಲ್ಲಿ ಶುರುವಾಗುತ್ತದೆ. ಅದರ ಹಿಂದಿನ ಗೋಡೆಯಲ್ಲಿ 384, 392, 400ರಲ್ಲಿ ಗೆರೆ ಇರಬೇಕು. ಮಸುಕಾಗಿ ಇದ್ದವು ಕೂಡ. ಆದರೆ ಅವುಗಳ ನಡುವೆ 388, 396, 404ರಲ್ಲಿ ಇನ್ನೊಂದು ಜೊತೆ ಗೆರೆಗಳು, ಮೊದಲಿನವಕ್ಕಿಂತ ಎದ್ದು ಕಾಣುವಂಥವು. ಪಕ್ಕದ `1`ರ ಹಿಂದೆ ಇವು ಇರಲಿಲ್ಲ. ಕೋಲನ್ ಹಿಂದೆಯೂ ಇರಲಿಲ್ಲ. ಒಂದೇ ಒಂದು ಮನೆಯೊಳಗೆ ಇದ್ದವು.

ಇದರ ಅರ್ಥ, ಆ `6` ಇನ್ನೊಂದು ಜೆಪೆಗ್‌ನಲ್ಲಿ ಬೇರೆ ಜಾಗದಲ್ಲಿ ಒತ್ತಿಸಿಕೊಂಡು, ತನ್ನ ಹಳೆಯ ಗೆರೆಗಳನ್ನು ಹೊತ್ತುಕೊಂಡು ಇಲ್ಲಿಗೆ ಬಂದಿದೆ. ಎಲ್ಲಿಂದ ಬಂದಿರಬಹುದು ಅಂತಲೂ ಊಹಿಸಬಹುದು. ನಾಲ್ಕು ಪಿಕ್ಸೆಲ್ ಜಾರಿದೆ. ಸೆಕೆಂಡಿನ ಕೊನೆಯ ಅಂಕಿಯಿಂದ ಗಂಟೆಯ ಈ ಮನೆಗೆ ಆರು ಮನೆ ದೂರ, 6 x 22 ಅಂದರೆ 132 ಪಿಕ್ಸೆಲ್. ಎಂಟರಿಂದ ಭಾಗಿಸಿದರೆ ಶೇಷ 4. ಸೆಕೆಂಡು 06, 16, 26 ಹೀಗೆ ಯಾವುದೋ ಒಂದರಲ್ಲಿ ನಿಂತಿದ್ದ ಇನ್ನೊಂದು ಸ್ಟಿಲ್‌ನಿಂದ ಎತ್ತಿ ಇಲ್ಲಿ ಕೂರಿಸಿರಬಹುದು. ಶೇಷ 4 ಬರುವ ಬೇರೆ ಜಾಗಗಳೂ ಇವೆ, ಹಾಗಾಗಿ ಇದು ಊಹೆ ಮಾತ್ರ.

ಆ ಊಹೆಗೆ ಇನ್ನೊಂದು ಆಸರೆ ಸಿಕ್ಕಿತು. ಸ್ಟಿಲ್ ಆಗುವ ಮೊದಲು ಈ ಬರಹ ವಿಡಿಯೋದೊಳಗೆ ಇತ್ತಲ್ಲ. ಎಚ್.264 ವಿಡಿಯೋದಲ್ಲಿ ಬದಲಾಗದ ಜಾಗವನ್ನು ಹಿಂದಿನ ಫ್ರೇಮಿನಿಂದ ಹಾಗೇ ಎತ್ತಿಕೊಳ್ಳುತ್ತಾರೆ, ಬದಲಾದ ಜಾಗವನ್ನು ಮಾತ್ರ ಹೊಸದಾಗಿ ಒತ್ತುತ್ತಾರೆ. ಗಂಟೆಯ ಅಂಕಿ ಗಂಟೆಗೊಮ್ಮೆ ಬದಲಾಗುತ್ತದೆ, ಸೆಕೆಂಡಿನ ಅಂಕಿ ಸೆಕೆಂಡಿಗೊಮ್ಮೆ. ಹಾಗಾಗಿ ಸೆಕೆಂಡಿನ ಸುತ್ತ ಸಾಮಾನ್ಯವಾಗಿ ಕೊಳೆ ಜಾಸ್ತಿ: ಅಂಕಿಯ ಅಂಚಿಗೆ ಸಣ್ಣ ಸಣ್ಣ ಬೂದು ಚುಕ್ಕೆಗಳು, ಹಿಂದಿನ ಅಂಕಿಯ ಮಾಸಿದ ನೆನಪು. ಕೈ ಹಾಕದ ಸ್ಟಿಲ್‌ಗಳಲ್ಲಿ ಗಂಟೆ ಮತ್ತು ನಿಮಿಷ ಚೊಕ್ಕ, ಸೆಕೆಂಡು ಕೊಳೆ. ನಮ್ಮ ಚಿತ್ರದಲ್ಲಿ ಗಂಟೆಯ `1` ಚೊಕ್ಕ, ಅದರ ಪಕ್ಕದ `6` ಸೆಕೆಂಡಿನಷ್ಟೇ ಕೊಳೆ. ಜೊತೆಗೆ `6`ರ ಹೊಟ್ಟೆಯೊಳಗೆ ಕಾಣುವ ಗೋಡೆ, ಕಪ್ಪು 0 ಬಿಳಿ 255 ಅನ್ನುವ ಅಳತೆಯಲ್ಲಿ, 125ರ ಆಸುಪಾಸಿನ ಬೂದು, ಎರಡೂ ಪಕ್ಕದ ಮನೆಗಳಲ್ಲಿ 119. ಕಣ್ಣಿಗೆ ಕಾಣದ ವ್ಯತ್ಯಾಸ, ಕರ್ಸರ್ ಇಟ್ಟರೆ ಅಂಕಿಯಲ್ಲಿ ಕಾಣುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಕೆಲವು ಡಿವಿಆರ್‌ಗಳ ಪ್ಲೇಯರ್ ಸ್ಟಿಲ್ ತೆಗೆಯುವಾಗ ಸಮಯವನ್ನು ಹೊಸದಾಗಿ ಮೇಲೆ ಬರೆಯುತ್ತದೆ. ಆಗ ಇಡೀ ಬರಹವೇ ಹಿಂದಿನ ದೃಶ್ಯಕ್ಕಿಂತ ಚೊಕ್ಕವಾಗಿರುತ್ತದೆ, ಅದು ತಿದ್ದಿದ್ದಲ್ಲ. ನೀವು ಹುಡುಕಬೇಕಾದ್ದು ಬರಹ ಮತ್ತು ದೃಶ್ಯದ ನಡುವಿನ ವ್ಯತ್ಯಾಸವನ್ನಲ್ಲ, ಒಂದು ಅಂಕಿ ಮತ್ತು ಅದರ ಪಕ್ಕದ ಅಂಕಿಯ ನಡುವಿನದನ್ನು. ಇನ್ನೊಂದು, ಚಿತ್ರವನ್ನು ಮತ್ತೊಮ್ಮೆ ಒತ್ತಿ ಎಲ್ಲೆಲ್ಲಿ ಎಷ್ಟು ಬದಲಾಯಿತು ಅಂತ ತೋರಿಸುವ ಎರರ್ ಲೆವೆಲ್ ಅನಾಲಿಸಿಸ್ ಎಂಬ ಸುಲಭದ ಉಪಕರಣ. ಅದರಲ್ಲಿ ಬಿಳಿ ಅಕ್ಷರ ಸಾಮಾನ್ಯವಾಗಿ ಹೊಳೆಯುತ್ತದೆ, ಯಾಕೆಂದರೆ ಚೂಪಾದ ಅಂಚು ಎಲ್ಲೇ ಇದ್ದರೂ ಹಾಗೇ. ನನಗೆ ಅದರ ಮೇಲೆ ನಂಬಿಕೆ ಇಲ್ಲ.

ಈ ಸಲ ಅದೃಷ್ಟವೂ ಇತ್ತು. ಗೆಳೆಯ 80ರ ಚಿತ್ರವನ್ನು ತಿದ್ದಿ 92ರಲ್ಲಿ ಸೇವ್ ಮಾಡಿದ್ದ, ಮೆಲ್ಲಗೆ ಒತ್ತಿದ ಹಾಗೆ. ಹಾಗಾಗಿ ಹಳೆಯ ಗೆರೆ ಉಳಿಯಿತು. 60ರಲ್ಲಿ ಸೇವ್ ಮಾಡಿದ್ದರೆ ಹೊಸ ಒತ್ತಡದಲ್ಲಿ ಹಳೆಯದು ಮುಚ್ಚಿಹೋಗುತ್ತಿತ್ತು.

ವರದಿ ಬರೆಯುವಾಗ

ನಾನು ಅವನಿಗೆ ಬರೆದು ಕಳಿಸಿದ್ದು ಇಷ್ಟೇ: "ಸ್ಟ್ಯಾಂಪಿನ ದಿನಾಂಕ ಮತ್ತು ಜಾಗ ಸರಿ ಅಂತ ಇಟ್ಟುಕೊಂಡರೆ, ನೆರಳು 14:20 ಮತ್ತು 14:55ರ ನಡುವಿನ ಹೊತ್ತನ್ನು ತೋರಿಸುತ್ತದೆ, 16:40ಕ್ಕೆ ಹೊಂದುವುದಿಲ್ಲ. ಗಂಟೆಯ ಎರಡನೆಯ ಅಂಕಿಯ ಮನೆಯಲ್ಲಿ 4 ಪಿಕ್ಸೆಲ್ ಜಾರಿದ ಬ್ಲಾಕ್ ಗೆರೆಗಳಿವೆ, ಪಕ್ಕದ ಅಂಕಿಗಳಲ್ಲಿ ಇಲ್ಲ. ಅದನ್ನು ಬೇರೆ ಕಡೆಯಿಂದ ತಂದು ಕೂರಿಸಿರುವ ಸಾಧ್ಯತೆ ಹೆಚ್ಚು. ದಿನಾಂಕದ ಬಗ್ಗೆ ಈ ಚಿತ್ರದಿಂದ ಏನೂ ಹೇಳಲಾರೆ."

ಕೊನೆಯ ವಾಕ್ಯ ಸುಮ್ನೆ ಜಾಗರೂಕತೆಗೆ ಬರೆದದ್ದಲ್ಲ. ನವೆಂಬರ್‌ನಲ್ಲಿ ಸೂರ್ಯ ದಿನಕ್ಕೆ ಕಾಲು ಡಿಗ್ರಿಯಷ್ಟು ಮಾತ್ರ ದಕ್ಷಿಣಕ್ಕೆ ಸರಿಯುತ್ತಾನೆ. ಟೈಲು ಎಣಿಸುವವರ ಕೈಗೆ ಅದು ಸಿಗುವುದಿಲ್ಲ.

ಅವನು ಮೂಲ ಸ್ಟಿಲ್ ಕಳಿಸಿದ. ಅದರಲ್ಲಿ ಹೀಗಿತ್ತು:

```
2024-11-11 Mon 14:40:23
```

ಗಂಟೆಯನ್ನು ಸೆಕೆಂಡು 26ರಲ್ಲಿ ನಿಂತ ಒಂದು ಸ್ಟಿಲ್‌ನಿಂದ ತಂದಿದ್ದನಂತೆ. ದಿನಾಂಕವನ್ನು ಮಾತ್ರ ಮಾರನೆಯ ದಿನ ಅದೇ ಹೊತ್ತಿಗೆ ತೆಗೆದ ಸ್ಟಿಲ್‌ನಿಂದ `12 Tue` ಅಂತ ವಾರದ ಸಮೇತ ಕತ್ತರಿಸಿ, ಅದೇ ಜಾಗದಲ್ಲಿ ಕೂರಿಸಿದ್ದ. ಅದೇ ಬೆಳಕು, ಅದೇ ಗೋಡೆ, ಅದೇ ಕ್ಯಾಮರಾ. ಅದೇ ಜಾಗದಿಂದ ಅದೇ ಜಾಗಕ್ಕೆ ಬಂದದ್ದರಿಂದ ಒಂದು ಪಿಕ್ಸೆಲ್ಲೂ ಜಾರಿರಲಿಲ್ಲ. ಗೊತ್ತಾದ ಮೇಲೂ ಒಂದು ಸಂಜೆ ಪೂರ್ತಿ ಆ ತುಂಡನ್ನು ಎಂಟು ಪಟ್ಟು ದೊಡ್ಡದು ಮಾಡಿ ನೋಡಿದೆ. ಎಲ್ಲಿ ಕತ್ತರಿಸಿದ್ದಾನೆ ಅಂತ ಇವತ್ತಿಗೂ ತೋರಿಸಲಾರೆ.